ಲೆಕ್ಕದಲ್ಲಿ 270 ಜಾಸ್ತಿ

ಹುಬ್ಬಳ್ಳಿಯ ಒಂದು ಲಾಡ್ಜ್‌ನಲ್ಲಿ ನನ್ನದು ರಾತ್ರಿ ಪಾಳಿ. ಆ ದಿನದ ಲೆಕ್ಕ ತಾಳೆ ನೋಡಿ, ಕಂಪ್ಯೂಟರ್‌ನಲ್ಲಿ ಮರುದಿನದ ತಾರೀಖು ತೆರೆಯಬೇಕು. ರೂಮ್ ಬಾಡಿಗೆ ತಾನಾಗೇ ಬೀಳುತ್ತದೆ. ಊಟದ ಬಿಲ್ ಮಾತ್ರ ಕೈಯಿಂದ ಹೊಡೆಯಬೇಕು. ತಪ್ಪು ನುಸುಳುವುದೂ ಹೆಚ್ಚಾಗಿ ಅಲ್ಲೇ.

ಒಂದು ರಾತ್ರಿ ರೂಮ್‌ಗಳ ಖಾತೆಗೆ ಬಿದ್ದ ಊಟದ ಮೊತ್ತ ರೆಸ್ಟೋರೆಂಟ್ ಕೌಂಟರ್‌ನ ಮೊತ್ತಕ್ಕಿಂತ 270 ರೂಪಾಯಿ ಜಾಸ್ತಿ ಬಂತು. ಮೊದಲು 270ರ ಬಿಲ್ ಯಾವುದಾದರೂ ಎರಡು ಸಲ ಬಿದ್ದಿದೆಯಾ ನೋಡಿದೆ. ಇಲ್ಲ. ಆಮೇಲೆ ಅದರ ಅರ್ಧ, 135 ಹುಡುಕಿದೆ. ಕಳೆಯಬೇಕಾದ 135ನ್ನು ಯಾರಾದರೂ ಕೂಡಿಸಿಬಿಟ್ಟರೆ ವ್ಯತ್ಯಾಸ ಸರಿಯಾಗಿ ಎರಡು ಪಟ್ಟು ಆಗುತ್ತದೆ. ಅದೂ ಇರಲಿಲ್ಲ.

ಆಗ ಒಂಬತ್ತರಿಂದ ಭಾಗಿಸಿದೆ. 30 ಬಂತು, ಶೇಷ ಇಲ್ಲ. ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಹೀಗೇ ಆಗುವುದು. ನೂರರ ಮನೆಯ ಅಂಕಿ ಹತ್ತರ ಮನೆಗೆ ಇಳಿದರೆ ಅದರ ಬೆಲೆ ನೂರು ಪಟ್ಟಿನಿಂದ ಹತ್ತು ಪಟ್ಟಿಗೆ ಬರುತ್ತದೆ, ಅಂದರೆ ತೊಂಬತ್ತು ಪಟ್ಟು ಕಡಿಮೆ. ಅತ್ತ ಮೇಲೇರಿದ ಅಂಕಿಗೆ ಅಷ್ಟೇ ಪಟ್ಟು ಏರುತ್ತದೆ. ಹಾಗಾಗಿ ವ್ಯತ್ಯಾಸ ಯಾವಾಗಲೂ ಆ ಎರಡು ಅಂಕಿಗಳ ಅಂತರದ ತೊಂಬತ್ತು ಪಟ್ಟು. 270 ಅಂದರೆ ಅಂತರ ಮೂರು.

ಇನ್ನೊಂದು ಸುಳಿವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಖಾತೆಯ ಕಡೆ ಮೊತ್ತ ಹೆಚ್ಚಿದೆ, ಅಂದರೆ ದೊಡ್ಡ ಅಂಕಿ ನೂರರ ಮನೆಯಲ್ಲಿ ಕೂತಿದೆ. ಎಲ್ಲಾ ಬಿಲ್ ತಿರುವಿ ಹಾಕುವ ಗೋಜೇ ಬೇಡ. ಪರದೆಯ ಮೇಲೆ 41, 52, 63, 74, 85 ಇಂಥ ಜೋಡಿ ಆ ಎರಡು ಮನೆಗಳಲ್ಲಿ ಇರುವ ಸಾಲುಗಳನ್ನಷ್ಟೇ ನೋಡಿದರೆ ಸಾಕು. ಸಿಕ್ಕಿದ್ದು ಮೂರು: 635, 2,417, 1,853. ಚೀಟಿಗಳ ಕಟ್ಟು ಬಿಚ್ಚಿ ಹೊಂದಿಸಿದೆ. ಮೊದಲೆರಡು ಸರಿ ಇದ್ದವು. ಮೂರನೆಯ ಚೀಟಿಯಲ್ಲಿ ನೀಲಿ ಶಾಯಿಯ ಸಹಿಯ ಪಕ್ಕ ಅಚ್ಚಾಗಿದ್ದದ್ದು 1,583.

ಒಂಬತ್ತರ ಲೆಕ್ಕ ಪ್ರತಿ ಸಲವೂ ಇಷ್ಟು ಸಲೀಸಾಗಿ ಕೈಹಿಡಿಯುವುದಿಲ್ಲ ಬಿಡಿ. 300 ಹೊಡೆಯುವ ಬದಲು 30 ಹೊಡೆದರೂ ವ್ಯತ್ಯಾಸ 270, ಆದರೆ ಆಗ ಖಾತೆಯಲ್ಲಿ ಕಡಿಮೆ ಬರುತ್ತದೆ. ಎರಡು ತಪ್ಪು ಒಟ್ಟಿಗೆ ಸೇರಿದ್ದರೆ ಒಂಬತ್ತರಿಂದ ಭಾಗ ಹೋಗದೆಯೂ ಇರಬಹುದು. ಆಗ ಚೀಟಿ ಚೀಟಿಯೂ ನೋಡುವುದೇ ಗತಿ.

ಆ ರೂಮಿನವರು ಬೆಳಗಿನ ಜಾವದ ರೈಲಿಗೆ ಹೊರಡುವವರಿದ್ದರು. ತಾರೀಖು ಮುಚ್ಚುವ ಮೊದಲೇ ತಿದ್ದಬೇಕಿತ್ತು. ಮುಚ್ಚಿದ ಮೇಲಾದರೆ ಅದು ಮರುದಿನದ ಲೆಕ್ಕದಲ್ಲಿ ಹೊಂದಾಣಿಕೆಯಾಗಿ ಕೂರುತ್ತದೆ. ಮೂಲ ಸಾಲನ್ನು ಅಳಿಸಲಿಲ್ಲ. 1,853ನ್ನು ರದ್ದು ಮಾಡಿ, ಕಾರಣ ಬರೆದು, 1,583 ಹೊಸದಾಗಿ ಹಾಕಿದೆ. ಸಂಜೆ ಪಾಳಿಯ ಹುಡುಗನಿಗೆ ಫೋನ್ ಮಾಡಿದರೆ, "ಅಣ್ಣಾ, ಬಿಲ್ ನೋಡೇ ಹೊಡೆದಿದ್ದೆನಲ್ಲ!" ಅಂದ. ನೋಡಿಯೇ ಹೊಡೆದಿದ್ದ, ಪಾಪ.