ನಿಮ್ಮ ಫೋಟೊ ‘ಕಳ್ಳ’ ಅಂತ ಓಡಾಡುತ್ತಿದ್ದರೆ ಪೊಲೀಸರಿಗೆ ದೂರು ಬರೆಯುವುದು ಹೀಗೆ

ಗದಗ-ಬೆಟಗೇರಿಯ ಒಬ್ಬ ಸೀರೆ ವ್ಯಾಪಾರಿ ಅಂದುಕೊಳ್ಳಿ. ಬೈಕ್ ಮೇಲೆ ಗಂಟು ಕಟ್ಟಿಕೊಂಡು ಹಳ್ಳಿ ಸುತ್ತುವವರು. ಸೋಮವಾರ ಒಂದು ಓಣಿಯಲ್ಲಿ ಯಾರೋ ಅವರ ಫೋಟೊ ಹೊಡೆದರು. ರಾತ್ರಿಯೊಳಗೆ ಅದು “ಇವ ಕಳ್ಳ ಅದಾನ, ಕಂಡಲ್ಲೇ ಹಿಡೀರಿ” ಎಂಬ ಮಾತಿನ ಜೊತೆ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಹರಿದಾಡಿತು. 2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಎಂಬ ಸುಳ್ಳು ಸುದ್ದಿಗೆ ಒಬ್ಬ ಯುವಕನ ಜೀವವೇ ಹೋಯಿತು. ಹಾಗಾಗಿ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಜನ ಸುತ್ತುವರಿದರೆ ಮೊದಲು 112ಕ್ಕೆ ಫೋನ್ ಮಾಡಿ.

ಗ್ರೂಪಿನವರಿಗೆ ‘ಡಿಲೀಟ್ ಮಾಡ್ರಿ’ ಅನ್ನುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಗ್ರೂಪಿನ ಹೆಸರು, ಕಳಿಸಿದವರ ನಂಬರ್, ದಿನಾಂಕ, ಸಮಯ ಎಲ್ಲವೂ ಕಾಣಬೇಕು. ಮೆಸೇಜ್ ಬಂದ ಫೋನಿನಲ್ಲಿ ಅದು ಹಾಗೇ ಇರಲಿ, ಪೊಲೀಸರು ಅದನ್ನೇ ಕೇಳಬಹುದು. ‘ನಾನು ಕಳ್ಳ ಅಲ್ಲ’ ಅಂತ ಅದೇ ಫೋಟೊ ಹಾಕಿ ನೀವೇ ಫಾರ್ವರ್ಡ್ ಮಾಡಬೇಡಿ, ಮುಖ ಇನ್ನಷ್ಟು ಜನರಿಗೆ ಹೋಗುತ್ತದೆ ಅಷ್ಟೇ.

ಈಗ ಪತ್ರ. ಠಾಣೆಯ ಇನ್‌ಸ್ಪೆಕ್ಟರ್ ಹೆಸರಿಗೆ ಬರೆಯಿರಿ. ಯಾರ ಮೇಲೋ ಅನುಮಾನ ಇದ್ದರೂ ‘ಅವನೇ ಹುಟ್ಟುಹಾಕಿದ್ದು’ ಅನ್ನಬೇಡಿ, ಕಂಡದ್ದನ್ನಷ್ಟೇ ಬರೆಯಿರಿ. ಮೆಸೇಜಿನ ಮಾತನ್ನು ತಿದ್ದದೆ ಇಳಿಸಿ. ನಮ್ಮ ವ್ಯಾಪಾರಿಯ ಪತ್ರ ಹೀಗಿರಬಹುದು:

“ಸೋಮವಾರ ಬೆಳಿಗ್ಗೆ 11ರ ಸುಮಾರಿಗೆ ನಾನು ಸೀರೆ ಮಾರಲು ಆ ಊರಿಗೆ ಹೋಗಿದ್ದೆ. ಅಲ್ಲಿ ತೆಗೆದ ನನ್ನ ಫೋಟೊವನ್ನು ಕಳ್ಳನದೆಂದು ಹಂಚಲಾಗುತ್ತಿದೆ. ರಾತ್ರಿ 9.40ಕ್ಕೆ ನನ್ನ ತಮ್ಮನ ಫೋನಿಗೆ ಈ ನಂಬರಿನಿಂದ ಬಂದಿದೆ. ಮಂಗಳವಾರ ಇಬ್ಬರು ನನ್ನ ಬೈಕ್ ಅಡ್ಡಗಟ್ಟಿ ಅರ್ಧ ಗಂಟೆ ಬಿಡಲಿಲ್ಲ. ನನಗೆ ರಕ್ಷಣೆ ಕೊಡಿ, ಮೆಸೇಜ್ ತೆಗೆಸಿ, ಇದು ಸುಳ್ಳೆಂದು ಊರಿಗೆ ತಿಳಿಸಿ.”

ಬೈಕ್ ಅಡ್ಡಗಟ್ಟಿದ ಆ ಸಾಲು ಬಹಳ ಮುಖ್ಯ. ಬರೀ ಮಾನಹಾನಿ ಅಂತ ಬರೆದರೆ ‘ಕೋರ್ಟಿಗೆ ಹೋಗಿ’ ಅನ್ನುತ್ತಾರೆ, ಯಾಕಂದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನ ಮಾನಹಾನಿಗೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ, ನೊಂದವರೇ ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬೇಕು. ದಾರಿಯಲ್ಲಿ ಅಕ್ರಮವಾಗಿ ತಡೆದು ನಿಲ್ಲಿಸಿದ್ದು ಹಾಗಲ್ಲ, ಅದಕ್ಕೆ ಎಫ್‌ಐಆರ್ ಆಗುತ್ತದೆ. ಆದರೆ ನಡೆದಿದ್ದರೆ ಮಾತ್ರ ಬರೆಯಿರಿ. ನಡೆಯದ್ದನ್ನು ಸೇರಿಸಿದರೆ ಇಡೀ ದೂರೇ ಬೀಳುತ್ತದೆ.

ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಎಫ್‌ಐಆರ್ ಆದರೆ ಅದರ ಪ್ರತಿ ಪುಕ್ಕಟೆ ಕೊಡಬೇಕು. ಆಗದಿದ್ದರೆ ಯಾಕೆ ಅಂತ ಹಿಂಬರಹ ಕೇಳಿ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದೇ ಪತ್ರವನ್ನು ಎಸ್‌ಪಿಯವರಿಗೆ ಅಂಚೆಯಲ್ಲಿ ಕಳಿಸಬಹುದು, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಅದಕ್ಕೆ ಅವಕಾಶ ಕೊಡುತ್ತದೆ.

ಇಷ್ಟಾದ ಮೇಲೆ ಗ್ರೂಪಿನ ಅಡ್ಮಿನ್‌ಗೆ ಹೇಳಿ ಮೆಸೇಜ್ ತೆಗೆಸಿ. ಮತ್ತೆ ಆ ಊರಿಗೆ ವ್ಯಾಪಾರಕ್ಕೆ ಹೋಗುವಾಗ ಸೀಲು ಬಿದ್ದ ಪ್ರತಿ ಗಂಟಿನೊಳಗಲ್ಲ, ಅಂಗಿಯ ಜೇಬಿನಲ್ಲಿರಲಿ. ಮೊದಲು ಗ್ರಾಮ ಪಂಚಾಯ್ತಿಯಲ್ಲಿ ಅದನ್ನು ತೋರಿಸಿ, ಆಮೇಲೆ ಓಣಿಗೆ ಹೋಗಿ.