ಅರ್ಹತಾ ಪರಿಶೀಲನೆ ಹೇಗೆ: ಮೊದಲು ದಿನಾಂಕ, ಆಮೇಲೆ ಸ್ವವಿವರ

ಸಾರ್ವಜನಿಕ ವಲಯದ ಹುದ್ದೆಗೆ ಬಂದ ಸ್ವವಿವರಗಳನ್ನು ಪರಿಶೀಲಿಸುವವರು ಅಭ್ಯರ್ಥಿಯ ಅನುಭವವನ್ನೋ ಸಾಧನೆಯನ್ನೋ ಓದುವ ಮೊದಲು ಅಧಿಸೂಚನೆಯನ್ನು ತೆರೆದು ಎರಡು ದಿನಾಂಕಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಒಂದು, ವಯಸ್ಸನ್ನು ಲೆಕ್ಕ ಹಾಕುವ ದಿನ. ಇನ್ನೊಂದು, ವಿದ್ಯಾರ್ಹತೆ ಪೂರ್ಣಗೊಂಡಿರಬೇಕಾದ ದಿನ. ಇವೆರಡೂ ಒಂದೇ ಆಗಿರಬೇಕೆಂದಿಲ್ಲ, ಮತ್ತು ಅರ್ಜಿ ಕೈಗೆ ಬಂದ ದಿನಕ್ಕೂ ಇವುಗಳಿಗೂ ಸಂಬಂಧವಿಲ್ಲ. ತಪ್ಪು ತಿರಸ್ಕಾರಗಳೂ ತಪ್ಪು ಆಯ್ಕೆಗಳೂ ಬಹುಮಟ್ಟಿಗೆ ಈ ಎರಡನ್ನು ಬೆರೆಸುವುದರಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ವಯಸ್ಸಿನಿಂದ ಆರಂಭಿಸುವುದು ಅನುಕೂಲ. ಸ್ವವಿವರದಲ್ಲಿ '32 ವರ್ಷ' ಎಂದು ಬರೆದಿರುವುದನ್ನು ಬದಿಗಿಟ್ಟು, ಜನ್ಮದಿನಾಂಕವನ್ನು ಅಧಿಸೂಚನೆ ಕೇಳಿದ ದಾಖಲೆಯಿಂದ, ಸಾಮಾನ್ಯವಾಗಿ ಎಸ್ಸೆಸ್ಸೆಲ್ಸಿ ಅಥವಾ ತತ್ಸಮಾನ ಅಂಕಪಟ್ಟಿಯಿಂದ, ತೆಗೆದುಕೊಳ್ಳಬೇಕು. ಆಮೇಲೆ ವರ್ಷಗಳನ್ನು ಕಳೆಯುವ ಬದಲು ಅಂಚಿನ ದಿನಾಂಕವನ್ನು ಗುರುತಿಸಬೇಕು. ಕೇಂದ್ರ ಲೋಕಸೇವಾ ಆಯೋಗದ 2025ರ ನಾಗರಿಕ ಸೇವಾ ಪರೀಕ್ಷೆಯ ಅಧಿಸೂಚನೆ, 2025ರ ಆಗಸ್ಟ್ 1ಕ್ಕೆ 32 ವರ್ಷ ತುಂಬಿರಬಾರದು ಎಂದು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಅಭ್ಯರ್ಥಿ 1993ರ ಆಗಸ್ಟ್ 2ಕ್ಕಿಂತ ಮೊದಲು ಹುಟ್ಟಿರಬಾರದು ಎಂದೂ ಸ್ಪಷ್ಟಪಡಿಸಿತು. ಹೀಗಿರುವಾಗ ಆಗಸ್ಟ್ 2ರಂದು ಹುಟ್ಟಿದವರು ಒಳಗೆ, ಆಗಸ್ಟ್ 1ರಂದು ಹುಟ್ಟಿದವರು ಹೊರಗೆ. ಮೂರು ಅಥವಾ ಐದು ವರ್ಷಗಳ ಸಡಿಲಿಕೆ ಇರುವ ವರ್ಗಗಳಿಗೆ ಇದೇ ಅಂಚನ್ನು ಅಷ್ಟು ವರ್ಷ ಹಿಂದಕ್ಕೆ ಸರಿಸಿದರೆ ಸಾಕು.

ಅಧಿಸೂಚನೆ ಹೀಗೆ ದಿನಾಂಕ ಕೊಡದೆ 'ತುಂಬಿರಬಾರದು' ಎಂದಷ್ಟೇ ಬರೆದಾಗ ಎಚ್ಚರ ಬೇಕು. ರಾಜಸ್ಥಾನದ ಒಂದು ಪ್ರಕರಣದಲ್ಲಿ 1984ರ ಜನವರಿ 1ಕ್ಕೆ 28 ವರ್ಷ ತುಂಬಿರಬಾರದೆಂಬ ನಿಯಮವಿತ್ತು. ಅಭ್ಯರ್ಥಿ ಹುಟ್ಟಿದ್ದು 1956ರ ಜನವರಿ 2ರಂದು. ಮರುದಿನವೇ ತಾನೇ 28 ತುಂಬುವುದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಹುಟ್ಟಿದ ದಿನವನ್ನೂ ಪೂರ್ಣ ದಿನವಾಗಿ ಎಣಿಸಬೇಕಾದ್ದರಿಂದ ಹುಟ್ಟುಹಬ್ಬದ ಹಿಂದಿನ ದಿನದ ಕೊನೆಗೇ ವಯಸ್ಸು ತುಂಬುತ್ತದೆ ಎಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಮಾನಿಸಿ ಆತನನ್ನು ಅನರ್ಹನೆಂದಿತು. ಆದ್ದರಿಂದ ಅಂಚಿನ ಒಂದೆರಡು ದಿನಗಳಲ್ಲಿ ಹುಟ್ಟಿದವರ ಅರ್ಜಿಗಳನ್ನು ಪ್ರತ್ಯೇಕವಾಗಿಟ್ಟು, ನಿಯಮದ ಮೂಲ ಪದಗಳನ್ನು ನೋಡಿದ ಮೇಲೆಯೇ ನಿರ್ಧರಿಸಬೇಕು. ವಯಸ್ಸನ್ನು ತಾನೇ ಲೆಕ್ಕ ಹಾಕುವ ಎಕ್ಸೆಲ್ ಹಾಳೆಗೆ ಈ ಸೂಕ್ಷ್ಮ ತಿಳಿದಿರುವುದಿಲ್ಲ.

ವಿದ್ಯಾರ್ಹತೆಯ ವಿಷಯದಲ್ಲಿ ಅಧಿಸೂಚನೆ ಬೇರೆ ದಿನ ಹೇಳದಿದ್ದರೆ ಅರ್ಜಿ ಸಲ್ಲಿಸಲು ನಿಗದಿಯಾದ ಕೊನೆಯ ದಿನವೇ ಅಳತೆಗೋಲು. 1997ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಸಂದರ್ಶನದ ಹೊತ್ತಿಗೆ ಪದವಿ ಕೈಸೇರಿತು ಎಂಬುದು ಲೆಕ್ಕಕ್ಕೆ ಬಾರದು. ಅಂತಿಮ ವರ್ಷದವರಿಗೆ ಅವಕಾಶವಿದ್ದರೆ ಅದನ್ನು ಅಧಿಸೂಚನೆಯೇ ಹೇಳಿರಬೇಕು.

ಒಂದು ಉದಾಹರಣೆ ನೋಡೋಣ. ಕೊನೆಯ ದಿನ ಏಪ್ರಿಲ್ 30, 2025. ಕೇಳಿರುವುದು ಬಿ.ಇ. ಪದವಿ ಮತ್ತು ಶೇ 60 ಅಂಕ. ಮೊದಲ ಅಭ್ಯರ್ಥಿಯ ಸ್ವವಿವರದಲ್ಲಿ 'ಬಿ.ಇ., 2020–2024' ಎಂದಿದೆ, ಮೇಲ್ನೋಟಕ್ಕೆ ಅರ್ಹ. ಆದರೆ ಸೆಮಿಸ್ಟರ್‌ವಾರು ಅಂಕಪಟ್ಟಿಗಳನ್ನು ತಿರುವಿದಾಗ ಐದನೇ ಸೆಮಿಸ್ಟರಿನ ಬಾಕಿ ಉಳಿದ ಒಂದು ವಿಷಯದ ಪರೀಕ್ಷೆಯನ್ನು ಆತ 2025ರ ಜೂನ್‌ನಲ್ಲಿ ಬರೆದು ಪಾಸಾದದ್ದು ಕಾಣುತ್ತದೆ. ಪದವಿಯ ಷರತ್ತು ಪೂರ್ಣವಾದದ್ದು ಆಗಲೇ, ಹಾಗಾಗಿ ಆತ ಅನರ್ಹ. ಎರಡನೆಯ ಅಭ್ಯರ್ಥಿಯ ಘಟಿಕೋತ್ಸವ ನಡೆದದ್ದು 2025ರ ನವೆಂಬರ್‌ನಲ್ಲಿ, ಆದರೆ ಅಂತಿಮ ಫಲಿತಾಂಶ ಮಾರ್ಚ್ 20ರಂದೇ ಪ್ರಕಟವಾಗಿದೆ. ಪದವಿ ಪ್ರಮಾಣಪತ್ರದ ಮೇಲಿನ ತಾರೀಖನ್ನಷ್ಟೇ ನೋಡಿ ಈಕೆಯನ್ನು ಕೈಬಿಟ್ಟರೆ ಅದು ಅನ್ಯಾಯ. ಅಂತಿಮ ಅಂಕಪಟ್ಟಿಯಲ್ಲಿ ಫಲಿತಾಂಶದ ದಿನ ಇಲ್ಲದಿದ್ದರೆ ವಿಶ್ವವಿದ್ಯಾಲಯದ ಪತ್ರವನ್ನು ತರಿಸಿಕೊಳ್ಳಬಹುದು. ಮೂರನೆಯವರದು ಶೇ 59.94. ಪೂರ್ಣಾಂಕಕ್ಕೆ ಏರಿಸುವಂತೆ ಅಧಿಸೂಚನೆ ಹೇಳದಿದ್ದರೆ ಅದು 60 ಆಗುವುದಿಲ್ಲ. ಗ್ರೇಡ್ ಅಂಕವನ್ನು ಶೇಕಡಾವಾರಿಗೆ ತರುವಾಗಲೂ ಪರಿಶೀಲಕರು ತಾವೇ ಹತ್ತರಿಂದ ಗುಣಿಸದೆ, ಅಧಿಸೂಚನೆ ಹೇಳಿದ ಸೂತ್ರವನ್ನು, ಅದಿಲ್ಲದಿದ್ದರೆ ಪದವಿ ನೀಡಿದ ವಿಶ್ವವಿದ್ಯಾಲಯದ ಸೂತ್ರವನ್ನು ಬಳಸಬೇಕು.

ಸ್ನಾತಕೋತ್ತರ ಪದವಿ ಇದ್ದವರು ಕೆಳಗಿನ ಹುದ್ದೆಗೆ ಸಹಜವಾಗಿಯೇ ಅರ್ಹರು ಎಂಬ ಊಹೆಯನ್ನೂ ಬಿಡಬೇಕು. ನಿಗದಿತ ಡಿಪ್ಲೊಮಾ ಕೇಳಿರುವಲ್ಲಿ, ಉನ್ನತ ಅರ್ಹತೆಯನ್ನು ಒಪ್ಪುತ್ತೇವೆಂದು ನಿಯಮ ಹೇಳದ ಹೊರತು ಡಿಪ್ಲೊಮಾ ಇಲ್ಲದ ಪದವೀಧರರನ್ನು ಪಟ್ಟಿಗೆ ಸೇರಿಸುವ ಅಧಿಕಾರ ಪರಿಶೀಲಕರಿಗಿಲ್ಲ.

ಕೊನೆಗೆ ಷರಾ. 'ಅನರ್ಹ' ಎಂಬ ಒಂದೇ ಪದ ಮಾಹಿತಿ ಹಕ್ಕಿನ ಅರ್ಜಿಗಾಗಲಿ ನ್ಯಾಯಾಲಯಕ್ಕಾಗಲಿ ಉತ್ತರವಾಗುವುದಿಲ್ಲ. 'ವಿದ್ಯಾರ್ಹತೆಯ ಷರತ್ತಿನಂತೆ 30.04.2025ರೊಳಗೆ ಪದವಿ ಪೂರ್ಣಗೊಂಡಿಲ್ಲ. ಐದನೇ ಸೆಮಿಸ್ಟರಿನ ಒಂದು ವಿಷಯ ಜೂನ್ 2025ರಲ್ಲಿ ಉತ್ತೀರ್ಣ' ಎಂದು ಷರತ್ತು, ದಿನಾಂಕ ಮತ್ತು ದಾಖಲೆಯನ್ನು ಸೇರಿಸಿ ಬರೆಯಬೇಕು. ಮೊದಲ ಪರಿಶೀಲಕರ ಷರಾ ನೋಡದ ಇನ್ನೊಬ್ಬರು ಅಂಚಿನ ಅರ್ಜಿಗಳನ್ನು ಮತ್ತೊಮ್ಮೆ ಪರಿಶೀಲಿಸಿದ ಬಳಿಕವೇ ಪಟ್ಟಿಗೆ ಸಹಿ ಬೀಳಬೇಕು.