ಡಬಲ್ ಪಾಯಿಂಟ್ಸ್ ವಾರ: ಊರಿಗೆ ಹೊರಡುವ ಮುಂಚೆ ನೋಡಬೇಕಾದ ಒಂದು ದಿನಾಂಕ

ಗೋಣಿಕೊಪ್ಪದಿಂದ ಮೆಲ್ಬರ್ನಿಗೆ ಬಂದು ಆರು ತಿಂಗಳಾದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದಳು. "ಅಕ್ಕ, ಡಬಲ್ ಪಾಯಿಂಟ್ಸ್ ವಾರ ಅಂತ ಮೆಸೇಜ್ ಬಂದಿದೆ. ಪುತ್ತರಿ ಹಬ್ಬಕ್ಕೆ ಊರಿಗೆ ಒಯ್ಯೋ ಸಾಮಾನೆಲ್ಲ ಈಗಲೇ ತಗೊಂಡ್ಬಿಡ್ಲಾ?" ನಾನು ಇಲ್ಲಿಗೆ ಬಂದ ಹೊಸದರಲ್ಲಿ ಮಾಡಿದ್ದೂ ಇದನ್ನೇ.

ಅಂಗಡಿಯ ಕ್ಲಬ್ಬಿಗೆ ಸದಸ್ಯರಾದರೆ ಖರೀದಿಗೆ ಪಾಯಿಂಟ್ ಸಿಗುತ್ತದೆ, ಡಬಲ್ ವಾರದಲ್ಲಿ ಅದು ಎರಡರಷ್ಟು. ಮೊದಲು ಲೆಕ್ಕ. ಇಲ್ಲಿನ ದಿನಸಿ ಅಂಗಡಿಗಳ ಎರಡು ದೊಡ್ಡ ಕ್ಲಬ್ಬುಗಳಾದ ಫ್ಲೈಬೈಸ್ ಮತ್ತು ಎವ್ರಿಡೇ ರಿವಾರ್ಡ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಡಾಲರಿಗೆ ಒಂದು ಪಾಯಿಂಟ್, 2000 ಪಾಯಿಂಟ್‌ಗೆ 10 ಡಾಲರ್. ಅಂದರೆ 100 ಡಾಲರ್ ಸಾಮಾನಿಗೆ ಸಿಗುವುದು 50 ಸೆಂಟ್, ಡಬಲ್ ಆದರೆ ಒಂದು ಡಾಲರ್. ಬೇಡದ ಸಾಮಾನನ್ನು ಕೊಳ್ಳಲು ಇದು ಕಾರಣವೇ ಅಲ್ಲ. ಇನ್ನೊಂದು, ಇಂಥ ಆಫರ್‌ಗೆ ಬಹಳ ಸಲ ಆ್ಯಪಿನಲ್ಲಿ `Activate` ಅಥವಾ `Boost` ಒತ್ತಬೇಕು, ಅದೂ ಬಿಲ್ ಆಗುವ ಮುಂಚೆ. ಆಮೇಲೆ ಒತ್ತಿದರೆ ಬರುವುದಿಲ್ಲ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ, ಬಟ್ಟೆ, ಶೂ ಮಾರುವ ಒಂದು ಅಂಗಡಿಯ ಕ್ಲಬ್ಬಿನಲ್ಲಿ. ಅಲ್ಲಿ ಡಾಲರಿಗೆ 5 ಪಾಯಿಂಟ್, 100 ಪಾಯಿಂಟ್‌ಗೆ ಒಂದು ಡಾಲರ್. ನವೆಂಬರಿನ ಡಬಲ್ ವಾರದಲ್ಲಿ ಅಪ್ಪನಿಗೆ ಜಾಕೆಟ್, ಅಣ್ಣನ ಮಕ್ಕಳಿಗೆ ಶೂ ಅಂತ 400 ಡಾಲರ್ ಆಯಿತು. ಪಾಯಿಂಟ್ ಆಸೆಗೆ ಇನ್ನೂ 200 ಸೇರಿಸಿದೆ. ಮೂಲದ್ದು 3000, ಡಬಲ್‌ನದ್ದು ಇನ್ನೊಂದು 3000, ಒಟ್ಟು 60 ಡಾಲರ್ ಬಂತು ಅಂದುಕೊಂಡು ವಿಮಾನ ಹತ್ತಿದೆ. ಪುತ್ತರಿ ಮುಗಿಸಿ, ರೋಬಸ್ಟಾ ಕೊಯ್ಲಿಗೂ ನಿಂತು ಫೆಬ್ರವರಿಯಲ್ಲಿ ವಾಪಸ್ ಬಂದಾಗ ಉಳಿದಿದ್ದು 3000 ಮಾತ್ರ.

ಮೂಲ ಪಾಯಿಂಟ್‌ಗೆ ಒಂದು ವರ್ಷ ಆಯುಸ್ಸು, ಡಬಲ್‌ನಿಂದ ಬಂದ ಬೋನಸ್‌ಗೆ ಖಾತೆಗೆ ಬಿದ್ದ ದಿನದಿಂದ 30 ದಿನ. ಮೆಸೇಜಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದೇ ಇತ್ತು. ಬೋನಸ್ ತಡವಾಗಿ ಬೀಳುವುದರಿಂದ ಬಿಲ್ ಕಟ್ಟಿದ ದಿನ ಅದು ಖಾತೆಯಲ್ಲಿ ಕಾಣಲೂ ಇಲ್ಲ. ನಾನು ಮಡಿಕೇರಿಯಲ್ಲಿದ್ದಾಗ ಬಂತು, ಅಲ್ಲೇ ಇದ್ದಾಗ ಹೋಯಿತು.

ಎಲ್ಲ ಕ್ಲಬ್ಬಿನ ನಿಯಮ ಒಂದೇ ಅಲ್ಲ. ಕೆಲವು ಕಡೆ ಒಂದು ಸಣ್ಣ ಖರೀದಿ ಮಾಡಿದರೂ ಹಳೆಯ ಪಾಯಿಂಟ್ ಎಲ್ಲದರ ಅವಧಿ ಮುಂದಕ್ಕೆ ಹೋಗುತ್ತದೆ, ಕೆಲವು ಕಡೆ ಪ್ರತಿಯೊಂದು ಪಾಯಿಂಟ್‌ಗೂ ಅದರದೇ ದಿನಾಂಕ. ಹಾಗಾಗಿ ಆ್ಯಪಿನ ಪಾಯಿಂಟ್ಸ್ ಹಿಸ್ಟರಿಯಲ್ಲಿ ಒಟ್ಟು ಮೊತ್ತ ನೋಡಿ ಸುಮ್ಮನಾಗಬೇಡಿ. ಬೋನಸ್ ಸಾಲು ಬೇರೆ ಇದೆಯಾ, ಅದರ ಎದುರು ಯಾವ ದಿನಾಂಕ ಇದೆ ಅಂತ ನೋಡಿ. ಸಾಮಾನು ವಾಪಸ್ ಕೊಟ್ಟರೆ ಪಾಯಿಂಟ್ ಕಳೆಯುತ್ತಾರೆ ಅನ್ನುವುದೂ ನೆನಪಿರಲಿ.

ನನ್ನ ಮಟ್ಟಿಗೆ ವಿರಾಜಪೇಟೆಯ ದಿನಸಿ ಅಂಗಡಿಯ ಲೆಕ್ಕದ ಪುಸ್ತಕವೇ ಮೇಲು. ನಮ್ಮ ಹೆಸರಿನಲ್ಲಿ ಉಳಿದ 40 ರೂಪಾಯಿ ಎರಡು ಮಳೆಗಾಲ ಕಳೆದ ಮೇಲೂ ಆ ಪುಟದಲ್ಲೇ ಇರುತ್ತಿತ್ತು.

ಆ ಹುಡುಗಿಗೆ ಹೇಳಿದೆ: ಬೇಕಾದ್ದು ಮಾತ್ರ ತಗೋ. ಬೋನಸ್ ಯಾವತ್ತು ಬೀಳುತ್ತೆ, ಯಾವತ್ತು ಮುಗಿಯುತ್ತೆ ಅಂತ ಬರೆದಿಟ್ಟುಕೋ. ಆ ಎರಡು ದಿನಗಳ ಮಧ್ಯೆ ನೀನು ಇಲ್ಲಿ ಇರೋದಿಲ್ಲ ಅಂದರೆ ಅದನ್ನ ಲೆಕ್ಕಕ್ಕೇ ಹಿಡೀಬೇಡ. ಟಿಕೆಟ್ ನೋಡಿದಳು. ಡಿಸೆಂಬರ್ 2ಕ್ಕೆ ಹೊರಟು ಜನವರಿ 20ಕ್ಕೆ ವಾಪಸ್. ಬೋನಸ್ ಬೀಳುವುದು ಡಿಸೆಂಬರ್ 10ಕ್ಕೆ, ಮುಗಿಯುವುದು ಜನವರಿ 9ಕ್ಕೆ.